ಪುಸ್ತಕದ ರಾಯಲ್ಟಿ ಲೆಕ್ಕ: ಕನಿಷ್ಠ ಬಾಡಿಗೆ, ಶಾರ್ಟ್ ವರ್ಕಿಂಗ್ಸ್ ಮತ್ತು ಮುಂದಿನ ವರ್ಷಗಳಲ್ಲಿ ಅದನ್ನು ಮುರಿದುಕೊಳ್ಳುವ ಕ್ರಮ

ಲೇಖಕರಿಂದ ಪ್ರಕಟಣೆಯ ಹಕ್ಕು ಪಡೆದ ಪ್ರಕಾಶಕರು ಮಾರಾಟವಾದ ಒಂದೊಂದು ಪ್ರತಿಗೂ ಇಷ್ಟು ಅಂತ ರಾಯಲ್ಟಿ ಕೊಡುತ್ತಾರೆ. ಆದರೆ ಪುಸ್ತಕ ಓಡದಿದ್ದರೆ ಲೇಖಕರ ಗತಿ ಏನು? ಅದಕ್ಕೇ ಕರಾರಿನಲ್ಲಿ ಕನಿಷ್ಠ ಬಾಡಿಗೆ ಎಂಬ ಒಂದು ಮೊತ್ತ ಬರೆದಿರುತ್ತದೆ. ಮಾರಾಟ ಎಷ್ಟೇ ಕಡಿಮೆಯಾದರೂ ವರ್ಷಕ್ಕೆ ಅಷ್ಟು ಹಣ ಕೊಡಲೇಬೇಕು. ರಾಯಲ್ಟಿಗಿಂತ ಜಾಸ್ತಿ ಕೊಟ್ಟ ಆ ಭಾಗಕ್ಕೆ, ಅಂದರೆ ಕನಿಷ್ಠ ಬಾಡಿಗೆಗೆ ರಾಯಲ್ಟಿ ಎಷ್ಟು ಕಡಿಮೆ ಬಿತ್ತೋ ಆ ಕೊರತೆಗೆ, ಶಾರ್ಟ್ ವರ್ಕಿಂಗ್ಸ್ ಅನ್ನುತ್ತಾರೆ. ಮುಂದೆ ಪುಸ್ತಕ ಚೆನ್ನಾಗಿ ಓಡಿದ ವರ್ಷ ಪ್ರಕಾಶಕರು ಅದನ್ನು ಮುರಿದುಕೊಳ್ಳಬಹುದು. ಆದರೆ ಕರಾರು ಕೊಟ್ಟ ಗಡುವಿನೊಳಗೆ ಮಾತ್ರ.

ಈ ಲೆಕ್ಕದಲ್ಲಿ ತಪ್ಪು ನಡೆಯುವುದು ಕೂಡುವಾಗ ಕಳೆಯುವಾಗ ಅಲ್ಲ. ಎಲ್ಲ ವರ್ಷಗಳ ಕೊರತೆಯನ್ನೂ ಒಂದೇ ಗಂಟು ಮಾಡಿ ಇಟ್ಟಾಗ ತಪ್ಪುತ್ತದೆ. ಒಂದೊಂದು ವರ್ಷದ ಕೊರತೆಗೂ ಅದರದೇ ಆದ ಕೊನೆಯ ದಿನ ಇರುತ್ತದೆ. ಗಂಟು ಕಟ್ಟಿದರೆ ಆ ದಿನ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಇಲ್ಲಿ ಒಂದೇ ಪುಸ್ತಕದ ಐದು ವರ್ಷದ ಲೆಕ್ಕವನ್ನು ನಿಧಾನವಾಗಿ ಮಾಡೋಣ.

ಮೊದಲು ಕರಾರು ಓದಿ

ಲೆಡ್ಜರ್ ತೆರೆಯುವ ಮುಂಚೆ ಕರಾರಿನಿಂದ ನಾಲ್ಕು ವಿಷಯ ಹುಡುಕಿ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ರಾಯಲ್ಟಿಯ ದರ ಎಷ್ಟು, ಮತ್ತು ಅದು ಮುದ್ರಿಸಿದ ಪ್ರತಿಯ ಮೇಲೋ ಮಾರಿದ ಪ್ರತಿಯ ಮೇಲೋ. ಕನಿಷ್ಠ ಬಾಡಿಗೆ ಎಷ್ಟು. ವರ್ಷ ಅಂದರೆ ಯಾವುದು, ನಿಮ್ಮ ಲೆಕ್ಕದ ವರ್ಷವೋ ಅಥವಾ ಕರಾರಿಗೆ ಸಹಿ ಬಿದ್ದ ದಿನದಿಂದ ಶುರುವಾಗುವ ವರ್ಷವೋ. ಕೊನೆಯದಾಗಿ, ಕೊರತೆಯನ್ನು ಮುರಿದುಕೊಳ್ಳಲು ಎಷ್ಟು ಕಾಲಾವಕಾಶ ಇದೆ.

ಈ ನಾಲ್ಕನೆಯದನ್ನು ಎರಡು ಸಲ ಓದಿ. ಮುರಿದುಕೊಳ್ಳುವ ಹಕ್ಕು ಮುಖ್ಯವಾಗಿ ಎರಡು ಬಗೆ. ಒಂದು, ಸ್ಥಿರ ಹಕ್ಕು: 'ಕರಾರಿನ ಮೊದಲ ಮೂರು ವರ್ಷಗಳಲ್ಲಿ ಮಾತ್ರ' ಎಂದಿರುತ್ತದೆ. ಮೂರನೆಯ ವರ್ಷ ಮುಗಿದ ದಿನ ಉಳಿದದ್ದೆಲ್ಲ ಒಟ್ಟಿಗೇ ಹೋಯಿತು. ಇನ್ನೊಂದು, ಚಲಿಸುವ ಹಕ್ಕು: 'ಕೊರತೆ ಬಿದ್ದ ವರ್ಷದ ನಂತರದ ಎರಡು ವರ್ಷಗಳೊಳಗೆ' ಎಂದಿರುತ್ತದೆ. ಇಲ್ಲಿ ಗಡುವು ಕೊರತೆಯ ಜೊತೆಗೇ ಮುಂದೆ ಸಾಗುತ್ತದೆ. ಮೊದಲ ವರ್ಷದ ಕೊರತೆಗೆ ಮೂರನೆಯ ವರ್ಷದ ಕೊನೆ, ಎರಡನೆಯ ವರ್ಷದ ಕೊರತೆಗೆ ನಾಲ್ಕನೆಯ ವರ್ಷದ ಕೊನೆ.

ಕೆಲವು ಕರಾರುಗಳಲ್ಲಿ ಸುಮ್ನೆ 'ಎರಡು ವರ್ಷದೊಳಗೆ' ಎಂದು ಬರೆದು ಬಿಟ್ಟಿರುತ್ತಾರೆ. ಕೊರತೆ ಬಿದ್ದ ವರ್ಷವೂ ಆ ಎರಡರಲ್ಲಿ ಸೇರುತ್ತದೋ ಇಲ್ಲವೋ ತಿಳಿಯುವುದಿಲ್ಲ. ಅಂಥ ಕಡೆ ನಿಮ್ಮ ಊಹೆಯ ಮೇಲೆ ಲೆಕ್ಕ ಬರೆಯಬೇಡಿ. ಎರಡೂ ಕಡೆಯವರು ಒಪ್ಪಿದ ಅರ್ಥವನ್ನು ಪತ್ರದಲ್ಲಿ ಬರೆಸಿಕೊಂಡು ಕರಾರಿನ ಜೊತೆ ಇಡಿ. ಹಣ ಕೈಬಿಟ್ಟು ಹೋದ ಮೇಲೆ ಈ ಮಾತು ಎತ್ತಿದರೆ ಯಾರೂ ಸುಲಭವಾಗಿ ಒಪ್ಪುವುದಿಲ್ಲ.

ಒಂದು ಗೊಂದಲ ಇಲ್ಲೇ ತೀರಿಸಿಬಿಡೋಣ. ಪುಸ್ತಕದ ವ್ಯವಹಾರದಲ್ಲಿ ರಾಯಲ್ಟಿ ಮುಂಗಡ ಅನ್ನುವುದೂ ಇದೆ. ಅದು ಕನಿಷ್ಠ ಬಾಡಿಗೆಯಲ್ಲ. ಮುಂಗಡವನ್ನು ಸಾಮಾನ್ಯವಾಗಿ ಆರಂಭದಲ್ಲಿ ಕೊಡುತ್ತಾರೆ, ಆಮೇಲೆ ಬರುವ ರಾಯಲ್ಟಿಯ ಮೊದಲ ರೂಪಾಯಿಯಿಂದಲೇ ಅದನ್ನು ವಜಾ ಮಾಡುತ್ತಾ ಹೋಗುತ್ತಾರೆ. ಕನಿಷ್ಠ ಬಾಡಿಗೆ ಪ್ರತಿ ವರ್ಷವೂ ಹೊಸದಾಗಿ ಕೊಡಬೇಕಾದದ್ದು. ಕೊರತೆಯನ್ನು ಮುರಿದುಕೊಳ್ಳಬೇಕಾದರೆ ಆ ವರ್ಷದ ರಾಯಲ್ಟಿ ಕನಿಷ್ಠ ಬಾಡಿಗೆಯನ್ನು ದಾಟಿರಬೇಕು, ಮತ್ತು ದಾಟಿದ ಭಾಗದಷ್ಟನ್ನೇ ಮುರಿದುಕೊಳ್ಳಬೇಕು. ಲೇಖಕರ ಕೈಗೆ ಬರುವ ಹಣ ಯಾವ ವರ್ಷವೂ ಕನಿಷ್ಠ ಬಾಡಿಗೆಗಿಂತ ಕೆಳಗೆ ಇಳಿಯಬಾರದು. ಈ ಒಂದು ಮಾತು ನೆನಪಿದ್ದರೆ ಅರ್ಧ ಲೆಕ್ಕ ಸರಿಹೋದಂತೆ.

ನಮ್ಮ ಉದಾಹರಣೆ

ಮಾರಾಟವಾದ ಪ್ರತಿಯೊಂದಕ್ಕೆ 25 ರೂ. ರಾಯಲ್ಟಿ. ಕನಿಷ್ಠ ಬಾಡಿಗೆ ವರ್ಷಕ್ಕೆ 1,00,000 ರೂ. ಕೊರತೆ ಬಿದ್ದ ವರ್ಷದ ನಂತರದ ಎರಡು ವರ್ಷಗಳೊಳಗೆ ಮುರಿದುಕೊಳ್ಳಬಹುದು. ಮಾರಾಟ ಹೀಗಿದೆ: ಮೊದಲ ವರ್ಷ 2,400 ಪ್ರತಿ, ಎರಡನೆಯ ವರ್ಷ 3,200, ಮೂರನೆಯ ವರ್ಷ 5,000, ನಾಲ್ಕನೆಯ ವರ್ಷ 5,200, ಐದನೆಯ ವರ್ಷ 4,800.

ಮೊದಲು 1,00,000ವನ್ನು 25ರಿಂದ ಭಾಗಿಸಿ ನೋಡಿ. 4,000 ಬರುತ್ತದೆ. ಈ ಪುಸ್ತಕಕ್ಕೆ ಅದೇ ಗಡಿ. ವರ್ಷಕ್ಕೆ 4,000 ಪ್ರತಿಗಿಂತ ಕಡಿಮೆ ಹೋದರೆ ಕೊರತೆ, ಜಾಸ್ತಿ ಹೋದರೆ ಹೆಚ್ಚುವರಿ. ಈ ಸಂಖ್ಯೆ ಹಾಳೆಯ ಮೇಲ್ತುದಿಯಲ್ಲಿದ್ದರೆ ಮಾರಾಟ ವಿಭಾಗದವರ ಜೊತೆ ಮಾತಾಡುವುದೂ ಸುಲಭ. ಅವರಿಗೆ ಶಾರ್ಟ್ ವರ್ಕಿಂಗ್ಸ್ ಅಂದರೆ ಅರ್ಥವಾಗದೇ ಇರಬಹುದು, 4,000 ಪ್ರತಿ ಅಂದರೆ ಅರ್ಥವಾಗುತ್ತದೆ.

ಮಾರಿದ ಪ್ರತಿಗಳನ್ನು ಎಣಿಸುವುದು

ಗಣಿಯ ಲೆಕ್ಕದಲ್ಲಿ ಎಷ್ಟು ಟನ್ ತೆಗೆದರೋ ಅಷ್ಟಕ್ಕೆ ರಾಯಲ್ಟಿ. ಪುಸ್ತಕದಲ್ಲಿ ಸಾಮಾನ್ಯವಾಗಿ ಮಾರಿದ್ದಕ್ಕೆ ಮಾತ್ರ. ಹಾಗಾಗಿ ಪ್ರತಿಗಳ ಲೆಕ್ಕ ಗಟ್ಟಿಯಾಗಿರಬೇಕು. ವರ್ಷದ ಆರಂಭದ ದಾಸ್ತಾನಿಗೆ ಮುದ್ರಿಸಿದ್ದನ್ನು ಕೂಡಿಸಿ. ಅದರಿಂದ ವರ್ಷದ ಕೊನೆಯ ದಾಸ್ತಾನು, ಉಚಿತವಾಗಿ ಕೊಟ್ಟದ್ದು, ಹಾಳಾದದ್ದು ಇವನ್ನು ಕಳೆಯಿರಿ. ಉಳಿದದ್ದು ಮಾರಾಟ.

ಮೊದಲ ವರ್ಷ 4,000 ಪ್ರತಿ ಮುದ್ರಿಸಿದರು ಅಂದುಕೊಳ್ಳಿ. ವಿಮರ್ಶೆಗೆ ಮತ್ತು ಗೌರವ ಪ್ರತಿ ಎಂದು 100 ಹೋದವು. ಗೋದಾಮಿನಲ್ಲಿ 1,100 ಇವೆ. ಇನ್ನು 400 ಪ್ರತಿಗಳು ಅಂಗಡಿಗಳಲ್ಲಿವೆ, ಆದರೆ ಮಾರಿದರೆ ಹಣ, ಇಲ್ಲದಿದ್ದರೆ ವಾಪಸ್ ಎಂಬ ಶರತ್ತಿನ ಮೇಲೆ. ಈ 400 ಪ್ರಕಾಶಕರದೇ ದಾಸ್ತಾನು, ಇನ್ನೂ ಮಾರಾಟವಲ್ಲ. ಹಾಗಾಗಿ ಮಾರಾಟ 2,400.

ಗೋದಾಮಿನಿಂದ ಹೊರಗೆ ಹೋದದ್ದೆಲ್ಲ ಮಾರಾಟ ಎಂದು ಹಿಡಿದರೆ 2,800 ಆಗುತ್ತದೆ. ರಾಯಲ್ಟಿ 60,000 ಬದಲು 70,000. ಮೊದಲ ವರ್ಷ ಇದರಿಂದ ಪಾವತಿ ಒಂದು ರೂಪಾಯಿಯೂ ಬದಲಾಗುವುದಿಲ್ಲ, ಏಕೆಂದರೆ ಹೇಗಿದ್ದರೂ ಕೊಡಬೇಕಾದದ್ದು 1,00,000. ಅದಕ್ಕೇ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಕೊರತೆ 40,000 ಇರಬೇಕಾದಲ್ಲಿ 30,000 ಆಯಿತು. ಆ 400 ಪ್ರತಿ ಮುಂದಿನ ವರ್ಷ ನಿಜವಾಗಿ ಮಾರಾಟವಾದಾಗ, ಆಗಲೇ ಲೆಕ್ಕಕ್ಕೆ ಬಂದಿವೆ ಎಂದು ಬಿಟ್ಟುಬಿಡುತ್ತಾರೆ. ಎರಡನೆಯ ವರ್ಷದ ಕೊರತೆ 20,000 ಬದಲು 30,000 ಆಗುತ್ತದೆ. ಅಂದರೆ 10,000 ರೂ. ಕೊರತೆ ಒಂದು ವರ್ಷ ಮುಂದಕ್ಕೆ ಜಾರಿತು, ಅದರ ಜೊತೆ ಗಡುವೂ ಒಂದು ವರ್ಷ ಮುಂದಕ್ಕೆ ಹೋಯಿತು. ಇದರ ಪರಿಣಾಮ ಏನೆಂಬುದು ನಾಲ್ಕನೆಯ ವರ್ಷ ಕಾಣುತ್ತದೆ. ಅಲ್ಲಿಗೆ ಬಂದಾಗ ನೋಡೋಣ.

ಮೊದಲ ಎರಡು ವರ್ಷ: ಕೊರತೆಯ ವರ್ಷಗಳು

ಮೊದಲ ವರ್ಷ ರಾಯಲ್ಟಿ 60,000. ಕನಿಷ್ಠ ಬಾಡಿಗೆಗೆ 40,000 ಕಡಿಮೆ. ಪ್ರಕಾಶಕರ ಪುಸ್ತಕದಲ್ಲಿ ಜರ್ನಲ್ ನಮೂದು ಹೀಗೆ:

ರಾಯಲ್ಟಿ ಖಾತೆ ಡೆಬಿಟ್ 60,000
ಶಾರ್ಟ್ ವರ್ಕಿಂಗ್ಸ್ ಖಾತೆ ಡೆಬಿಟ್ 40,000
ಲೇಖಕರ ಖಾತೆಗೆ ಕ್ರೆಡಿಟ್ 1,00,000

ಹಣ ಕೊಟ್ಟಾಗ:

ಲೇಖಕರ ಖಾತೆ ಡೆಬಿಟ್ 1,00,000
ಬ್ಯಾಂಕ್ ಖಾತೆಗೆ ಕ್ರೆಡಿಟ್ 1,00,000

ವರ್ಷದ ಕೊನೆಗೆ:

ಲಾಭ-ನಷ್ಟ ಖಾತೆ ಡೆಬಿಟ್ 60,000
ರಾಯಲ್ಟಿ ಖಾತೆಗೆ ಕ್ರೆಡಿಟ್ 60,000

ಕೊಟ್ಟದ್ದು ಒಂದು ಲಕ್ಷ, ಖರ್ಚಿಗೆ ಬರೆದದ್ದು ಅರವತ್ತು ಸಾವಿರ. ಉಳಿದ 40,000 ಮುಂದೆ ಮುರಿದುಕೊಳ್ಳಬಹುದಾದ್ದರಿಂದ ಅಢಾವೆ ಪತ್ರಿಕೆಯ ಆಸ್ತಿಗಳ ಕಡೆ ಕೂರುತ್ತದೆ. ಮಾರಾಟದ ಮೇಲೆ ನಿಂತ ರಾಯಲ್ಟಿ ಆದ್ದರಿಂದ ಲಾಭ-ನಷ್ಟ ಖಾತೆಗೆ ಹೋಗುತ್ತದೆ. ಮುದ್ರಿಸಿದ ಪ್ರತಿಯ ಮೇಲೆ ರಾಯಲ್ಟಿ ಕೊಡುವ ಕರಾರಾದರೆ ಅದು ತಯಾರಿಕೆಯ ವೆಚ್ಚದ ಭಾಗ.

ಕೆಲವರು ನಡುವೆ ಕನಿಷ್ಠ ಬಾಡಿಗೆ ಖಾತೆ ಎಂದು ಒಂದು ಬೇರೆ ಖಾತೆ ತೆರೆಯುತ್ತಾರೆ. ಮೊದಲು ಕನಿಷ್ಠ ಬಾಡಿಗೆ ಖಾತೆಯನ್ನು ಡೆಬಿಟ್ ಮಾಡಿ ಲೇಖಕರಿಗೆ ಕ್ರೆಡಿಟ್, ಆಮೇಲೆ ರಾಯಲ್ಟಿ ಮತ್ತು ಶಾರ್ಟ್ ವರ್ಕಿಂಗ್ಸ್ ಡೆಬಿಟ್ ಮಾಡಿ ಕನಿಷ್ಠ ಬಾಡಿಗೆ ಖಾತೆಯನ್ನು ಮುಚ್ಚುವುದು. ಉತ್ತರ ಒಂದೇ. ಕೊರತೆಯ ವರ್ಷಗಳಲ್ಲಿ ಮಾತ್ರ ಅದಕ್ಕೆ ಕೆಲಸ. ನನಗೆ ಆ ಖಾತೆ ಇಲ್ಲದ ದಾರಿಯೇ ಸಲೀಸು ಅನ್ನಿಸುತ್ತದೆ.

ಎರಡನೆಯ ವರ್ಷ ರಾಯಲ್ಟಿ 80,000, ಕೊರತೆ 20,000. ನಮೂದು ಅದೇ ತರಹ. ಇಲ್ಲಿ ಶಾರ್ಟ್ ವರ್ಕಿಂಗ್ಸ್ ಖಾತೆಯ ಒಟ್ಟು ಬಾಕಿ 60,000 ಆಯಿತು. ಲೆಡ್ಜರ್‌ನಲ್ಲಿ ಒಂದೇ ಮೊತ್ತ ಕಾಣಲಿ, ತೊಂದರೆ ಇಲ್ಲ. ಆದರೆ ಪಕ್ಕದ ಹಾಳೆಯಲ್ಲಿ ಎರಡು ಸಾಲು ಇರಲೇಬೇಕು: ಮೊದಲ ವರ್ಷದ 40,000, ಗಡುವು ಮೂರನೆಯ ವರ್ಷದ ಕೊನೆ. ಎರಡನೆಯ ವರ್ಷದ 20,000, ಗಡುವು ನಾಲ್ಕನೆಯ ವರ್ಷದ ಕೊನೆ.

ಎರಡನೆಯ ವರ್ಷದ ಲೆಕ್ಕ ಮುಗಿಸುವಾಗ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ 60,000 ನಿಜವಾಗಿಯೂ ಆಸ್ತಿಯೇ? ಮೊದಲ ವರ್ಷದ 40,000 ಪೂರ್ತಿ ವಾಪಸ್ ಬರಬೇಕಾದರೆ ಮೂರನೆಯ ವರ್ಷ 1,40,000 ರೂ. ರಾಯಲ್ಟಿ ಹುಟ್ಟಬೇಕು, ಅಂದರೆ 5,600 ಪ್ರತಿ ಮಾರಬೇಕು. ಹೋದ ವರ್ಷ ಹೋದದ್ದು 3,200. ಮಾರಾಟ ವಿಭಾಗದವರು 5,000 ದಾಟುವುದು ಕಷ್ಟ ಅಂತ ಹೇಳಿದರೆ 15,000 ಕೈತಪ್ಪುವುದು ಬಹುತೇಕ ಖಚಿತ. ಹಾಗಿದ್ದಾಗ ಇಡೀ ಮೊತ್ತವನ್ನು ಆಸ್ತಿ ಎಂದು ತೋರಿಸಿ ಕೂರುವುದು ಸರಿಯಲ್ಲ. ಲಾಭ-ನಷ್ಟ ಖಾತೆಯಿಂದ 15,000 ತೆಗೆದು ಅದಕ್ಕೆ ಮೀಸಲು ಇಡುವುದೇ ಎಚ್ಚರದ ಕೆಲಸ. ನಮ್ಮ ಉದಾಹರಣೆ ಸರಳವಾಗಿರಲಿ ಎಂದು ಮೀಸಲು ಇಟ್ಟಿಲ್ಲ ಎಂದುಕೊಂಡು ಮುಂದೆ ಹೋಗೋಣ. ಇಟ್ಟಿದ್ದರೆ, ಗಡುವು ಮುಗಿದಾಗ ನಷ್ಟವನ್ನು ಆ ಮೀಸಲಿನ ಮೇಲೆ ಹಾಕುತ್ತೀರಿ, ಅಷ್ಟೇ ವ್ಯತ್ಯಾಸ.

ಮೂರನೆಯ ವರ್ಷ: ಒಂದೇ ದಿನ ಎರಡು ಕೆಲಸ

5,000 ಪ್ರತಿ, ರಾಯಲ್ಟಿ 1,25,000. ಕನಿಷ್ಠ ಬಾಡಿಗೆಗಿಂತ 25,000 ಹೆಚ್ಚು. ಬಾಕಿ ಇರುವ ಕೊರತೆ 60,000. ಮುರಿದುಕೊಳ್ಳಬಹುದಾದದ್ದು ಇವೆರಡರಲ್ಲಿ ಯಾವುದು ಕಡಿಮೆಯೋ ಅದು, ಅಂದರೆ 25,000.

ಯಾವ ಸಾಲಿನಿಂದ ಮುರಿಯಬೇಕು? ಹಳೆಯದರಿಂದ. ಅದರ ಗಡುವು ಮೊದಲು ಮುಗಿಯುವುದರಿಂದ ಪ್ರಕಾಶಕರಿಗೆ ಅದೇ ಲಾಭ, ರೂಢಿಯೂ ಅದೇ. ಮೊದಲ ವರ್ಷದ 40,000ದಲ್ಲಿ 25,000 ಹೋಯಿತು, 15,000 ಉಳಿಯಿತು. ಆದರೆ ಅದರ ಗಡುವು ಇದೇ ವರ್ಷದ ಕೊನೆ. ಹಾಗಾಗಿ ಆ 15,000 ಇಂದೇ ನಷ್ಟ.

ರಾಯಲ್ಟಿ ಖಾತೆ ಡೆಬಿಟ್ 1,25,000
ಲೇಖಕರ ಖಾತೆಗೆ ಕ್ರೆಡಿಟ್ 1,25,000

ಲೇಖಕರ ಖಾತೆ ಡೆಬಿಟ್ 25,000
ಶಾರ್ಟ್ ವರ್ಕಿಂಗ್ಸ್ ಖಾತೆಗೆ ಕ್ರೆಡಿಟ್ 25,000

ಲೇಖಕರ ಖಾತೆ ಡೆಬಿಟ್ 1,00,000
ಬ್ಯಾಂಕ್ ಖಾತೆಗೆ ಕ್ರೆಡಿಟ್ 1,00,000

ಲಾಭ-ನಷ್ಟ ಖಾತೆ ಡೆಬಿಟ್ 1,40,000
ರಾಯಲ್ಟಿ ಖಾತೆಗೆ ಕ್ರೆಡಿಟ್ 1,25,000
ಶಾರ್ಟ್ ವರ್ಕಿಂಗ್ಸ್ ಖಾತೆಗೆ ಕ್ರೆಡಿಟ್ 15,000

ಎರಡು ಕಡೆ ಎಡವುವವರನ್ನು ನೋಡಿದ್ದೇನೆ. ಮೊದಲನೆಯದು, ಕೊಟ್ಟದ್ದು 1,00,000 ತಾನೇ ಎಂದು ರಾಯಲ್ಟಿ ಖಾತೆಗೆ 1,00,000 ಬರೆಯುವುದು. ತಪ್ಪು. ಈ ವರ್ಷ ಹುಟ್ಟಿದ ರಾಯಲ್ಟಿ 1,25,000. ಅದರಲ್ಲಿ 25,000ವನ್ನು ಹಿಂದೆಯೇ ಕೊಟ್ಟಾಗಿದೆ, ಆದರೆ ಖರ್ಚಾಗಿ ಬರೆದಿರಲಿಲ್ಲ. ಈಗ ಬರೆಯುತ್ತಿದ್ದೇವೆ. ಎರಡನೆಯದು, ಹಕ್ಕು ಮುಗಿದ 15,000ವನ್ನು ರಾಯಲ್ಟಿ ಖಾತೆಯೊಳಗೆ ಸೇರಿಸುವುದು. ಅದು ಈ ವರ್ಷದ ಮಾರಾಟಕ್ಕೆ ಸಂಬಂಧಪಟ್ಟದ್ದಲ್ಲ, ನೇರವಾಗಿ ಲಾಭ-ನಷ್ಟಕ್ಕೆ ಹೋಗಬೇಕು. ಸೇರಿಸಿದರೆ ಪ್ರತಿಗೆ 25 ರೂ. ದರದೊಂದಿಗೆ ರಾಯಲ್ಟಿ ಖಾತೆ ತಾಳೆಯಾಗುವುದಿಲ್ಲ.

ನಾಲ್ಕನೆಯ ವರ್ಷ: ಗಂಟಿನ ಲೆಕ್ಕ ಇಲ್ಲಿ ಸಿಕ್ಕಿಬೀಳುತ್ತದೆ

5,200 ಪ್ರತಿ, ರಾಯಲ್ಟಿ 1,30,000, ಹೆಚ್ಚುವರಿ 30,000. ಉಳಿದಿರುವುದು ಎರಡನೆಯ ವರ್ಷದ 20,000 ಮಾತ್ರ. ಹಾಗಾಗಿ 20,000 ಮುರಿದು ಲೇಖಕರಿಗೆ 1,10,000 ಕೊಡಬೇಕು. ನಮೂದು ಮೂರನೆಯ ವರ್ಷದಂತೆಯೇ, ಮೊತ್ತ ಮಾತ್ರ ಬೇರೆ. ಶಾರ್ಟ್ ವರ್ಕಿಂಗ್ಸ್ ಖಾತೆ ಸೊನ್ನೆಗೆ ಬಂತು.

ಈಗ ಹಿಂದಿನ ವರ್ಷ ಆ 15,000ವನ್ನು ತೆಗೆಯಲು ಮರೆತಿದ್ದರೆ ಏನಾಗುತ್ತಿತ್ತು? ಲೆಡ್ಜರ್ ಬಾಕಿ 35,000 ತೋರಿಸುತ್ತದೆ. ಹೆಚ್ಚುವರಿ 30,000. ಪೂರ್ತಿ ಮುರಿದುಕೊಂಡು ಲೇಖಕರಿಗೆ 1,00,000 ಕಳಿಸುತ್ತೀರಿ. ಅವರ ಹಣ 10,000 ನಿಮ್ಮಲ್ಲೇ ಉಳಿಯಿತು. ಲೇಖಕರಿಗೂ ಅನುಮಾನ ಬರುವುದಿಲ್ಲ, ಏಕೆಂದರೆ ಹಿಂದಿನ ಮೂರು ವರ್ಷವೂ ಅವರಿಗೆ ಬಂದದ್ದು ಸರಿಯಾಗಿ ಒಂದು ಲಕ್ಷ. ಪುಸ್ತಕ ಚೆನ್ನಾಗಿ ಓಡುತ್ತಿದ್ದರೂ ಚೆಕ್ ಮಾತ್ರ ಅಲ್ಲಾಡದೆ ನಿಂತಿದ್ದರೆ ಲೇಖಕರು ವರ್ಷವಾರು ತಪಶೀಲು ಕೇಳಬೇಕು. ಅದು ಅವರ ಹಕ್ಕಿನ ಹಣ.

ಅಂಗಡಿಯಲ್ಲಿದ್ದ ಆ 400 ಪ್ರತಿಗಳ ಮಾತಿಗೆ ಈಗ ಬರೋಣ. ಅವನ್ನು ಮೊದಲ ವರ್ಷವೇ ಮಾರಾಟ ಎಂದು ಹಿಡಿದಿದ್ದರೆ ಕೊರತೆ 30,000 ಮತ್ತು 30,000. ಮೂರನೆಯ ವರ್ಷ 25,000 ಮುರಿದು 5,000 ಮಾತ್ರ ಕೈತಪ್ಪುತ್ತದೆ. ನಾಲ್ಕನೆಯ ವರ್ಷ ಎರಡನೆಯ ವರ್ಷದ 30,000 ಪೂರ್ತಿ ಮುರಿದುಕೊಳ್ಳುತ್ತಾರೆ, ಲೇಖಕರಿಗೆ 1,00,000. ಮತ್ತೆ ಅದೇ 10,000 ಕಡಿಮೆ. ಐದು ವರ್ಷದ ಒಟ್ಟು ಮಾರಾಟ ಒಂದು ಪ್ರತಿಯೂ ಬದಲಾಗಿಲ್ಲ. ಯಾವ ವರ್ಷದ ಪ್ರತಿ ಎಂಬುದು ಮಾತ್ರ ಬದಲಾಯಿತು. ಚಲಿಸುವ ಹಕ್ಕಿರುವ ಕರಾರಿನಲ್ಲಿ ವರ್ಷದ ಕೊನೆಯ ದಾಸ್ತಾನು ಎಣಿಕೆಗೆ ನಾನು ಇಷ್ಟು ಪಟ್ಟು ಹಿಡಿಯುವುದು ಇದೇ ಕಾರಣಕ್ಕೆ.

ಐದನೆಯ ವರ್ಷ ಹೇಳುವಂಥದ್ದೇನೂ ಇಲ್ಲ. ರಾಯಲ್ಟಿ 1,20,000, ಹಳೆಯ ಬಾಕಿ ಇಲ್ಲ, ಅಷ್ಟನ್ನೂ ಕೊಡಬೇಕು.

ಇಡೀ ಲೆಕ್ಕ ಒಂದು ಹಾಳೆಯಲ್ಲಿ

| ವರ್ಷ | ಪ್ರತಿ | ರಾಯಲ್ಟಿ | ಕೊರತೆ | ಮುರಿದದ್ದು | ಕೈತಪ್ಪಿದ್ದು | ಉಳಿಕೆ | ಪಾವತಿ |
|---|---|---|---|---|---|---|---|
| 1 | 2,400 | 60,000 | 40,000 | 0 | 0 | 40,000 | 1,00,000 |
| 2 | 3,200 | 80,000 | 20,000 | 0 | 0 | 60,000 | 1,00,000 |
| 3 | 5,000 | 1,25,000 | 0 | 25,000 | 15,000 | 20,000 | 1,00,000 |
| 4 | 5,200 | 1,30,000 | 0 | 20,000 | 0 | 0 | 1,10,000 |
| 5 | 4,800 | 1,20,000 | 0 | 0 | 0 | 0 | 1,20,000 |

ಇದನ್ನು ಜರ್ನಲ್ ಬರೆಯುವ ಮುಂಚೆಯೇ ಮಾಡಿ. ನಮೂದುಗಳು ಈ ಹಾಳೆಯಿಂದ ಹುಟ್ಟಬೇಕೇ ಹೊರತು ನಮೂದಿನಿಂದ ಹಾಳೆಯಲ್ಲ.

ಸ್ಪ್ರೆಡ್‌ಶೀಟ್‌ನಲ್ಲಿ ಮಾಡುವವರಿಗೆ: ಮೊದಲ ವರ್ಷ 2ನೇ ಸಾಲಿನಲ್ಲಿ ಇರಲಿ, B ಕಾಲಂನಲ್ಲಿ ಪ್ರತಿಗಳು. ಹಿಂದಿನ ವರ್ಷದ ಕೊರತೆಗೂ ಅದಕ್ಕೂ ಹಿಂದಿನ ವರ್ಷದ ಕೊರತೆಗೂ ಬೇರೆ ಬೇರೆ ಕಾಲಂ ಕೊಡಬೇಕು. ಮೂರನೆಯ ವರ್ಷದ ಸಾಲಿನ ಸೂತ್ರಗಳು ಇವು:

```
C4: =B4*25
D4: =MAX(0,100000-C4)
E4: =MAX(0,C4-100000)
F4: =D2-I3
G4: =D3
H4: =MIN(F4,E4)
I4: =MIN(G4,E4-H4)
J4: =F4-H4
K4: =C4+D4-H4-I4
```

D ಕೊರತೆ, E ಹೆಚ್ಚುವರಿ. F ಎರಡು ವರ್ಷ ಹಿಂದಿನ ಕೊರತೆಯಲ್ಲಿ ಉಳಿದದ್ದು, G ಹಿಂದಿನ ವರ್ಷದ್ದು. H ಮತ್ತು I ಅವುಗಳಿಂದ ಮುರಿದದ್ದು, J ಕೈತಪ್ಪಿದ್ದು, K ಪಾವತಿ. ಸಾಲು 2ರಲ್ಲಿ F ಮತ್ತು G ಎರಡಕ್ಕೂ 0 ಹಾಕಿ. ಸಾಲು 3ರಲ್ಲಿ F ಮಾತ್ರ 0, G3ಗೆ `=D2`. ಗಡುವು ಮೂರು ವರ್ಷವಾದರೆ ಇನ್ನೊಂದು ಪದರಕ್ಕೆ ಕಾಲಂ ಸೇರಿಸಬೇಕಾಗುತ್ತದೆ, ಇದೇ ಸೂತ್ರವನ್ನು ಹಾಗೇ ಎಳೆದರೆ ಆಗದು.

ತಾಳೆ ನೋಡುವುದು

ಪ್ರತಿ ವರ್ಷದ ಕೊನೆಗೆ ಎರಡು ಪರೀಕ್ಷೆ ಮಾಡಿ. ಮೊದಲನೆಯದು: ಆರಂಭದಿಂದ ಇಲ್ಲಿಯವರೆಗಿನ ಒಟ್ಟು ಪಾವತಿಯಿಂದ ಒಟ್ಟು ರಾಯಲ್ಟಿ ಕಳೆದರೆ, ಕೈತಪ್ಪಿದ್ದು ಮತ್ತು ಉಳಿಕೆ ಎರಡರ ಮೊತ್ತ ಬರಬೇಕು. ಮೂರನೆಯ ವರ್ಷದ ಕೊನೆಗೆ ಪಾವತಿ 3,00,000, ರಾಯಲ್ಟಿ 2,65,000, ವ್ಯತ್ಯಾಸ 35,000. ಕೈತಪ್ಪಿದ 15,000ಕ್ಕೆ ಉಳಿಕೆ 20,000 ಕೂಡಿಸಿದರೆ 35,000. ಸರಿ.

ಆದರೆ ಇದೊಂದನ್ನೇ ನಂಬಬೇಡಿ. 15,000ವನ್ನು ತೆಗೆಯಲು ಮರೆತಿದ್ದರೂ ಇದು ತಾಳೆಯಾಗುತ್ತದೆ, ಉಳಿಕೆ 35,000, ಕೈತಪ್ಪಿದ್ದು ಸೊನ್ನೆ ಎಂದು. ಅದಕ್ಕೆ ಎರಡನೆಯ ಪರೀಕ್ಷೆ ಬೇಕು: ಉಳಿಕೆಯು ಕೊನೆಯ ಎರಡು ವರ್ಷಗಳ ಕೊರತೆಯ ಮೊತ್ತವನ್ನು ಮೀರಬಾರದು. ಮೂರನೆಯ ವರ್ಷದ ಕೊನೆಗೆ, ಎರಡನೆಯ ಮತ್ತು ಮೂರನೆಯ ವರ್ಷದ ಕೊರತೆ ಸೇರಿ 20,000. ಲೆಡ್ಜರ್ 35,000 ಅಂದರೆ ಹಕ್ಕು ಮುಗಿದ ಹಣ ಇನ್ನೂ ಒಳಗೆ ಕೂತಿದೆ ಎಂದರ್ಥ.

ಅಂಗಡಿಯ 400 ಪ್ರತಿಗಳಂಥ ತಪ್ಪನ್ನು ಈ ಎರಡೂ ಹಿಡಿಯುವುದಿಲ್ಲ. ಅದು ಪ್ರತಿಗಳ ಎಣಿಕೆಯಲ್ಲೇ ಸಿಗಬೇಕು. ವಾಪಸ್ ಬಂದ ಪ್ರತಿಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಹೋದ ವರ್ಷ ಮಾರಾಟ ಎಂದು ಬರೆದದ್ದು ಈ ವರ್ಷ ವಾಪಸ್ ಬಂದರೆ ಅದನ್ನು ಯಾವ ವರ್ಷದ ಮಾರಾಟದಿಂದ ಕಳೆಯಬೇಕು ಎಂದು ಕರಾರಿನಲ್ಲೇ ಹೇಳಿಸಿಕೊಳ್ಳುವುದು ಒಳ್ಳೆಯದು. ಇ-ಪುಸ್ತಕ, ಅನುವಾದದ ಹಕ್ಕು ಇವುಗಳಿಂದ ಬರುವ ರಾಯಲ್ಟಿ ಕನಿಷ್ಠ ಬಾಡಿಗೆಯ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಎಂಬುದನ್ನೂ ಅಲ್ಲೇ ಬರೆಸಿ.

ಲೇಖಕರ ಪುಸ್ತಕದಲ್ಲಿ

ಇಲ್ಲಿ ಎಲ್ಲ ತಿರುಗುಮುರುಗು. ಮೊದಲ ವರ್ಷ ಪ್ರಕಾಶಕರ ಖಾತೆ ಡೆಬಿಟ್ 1,00,000, ರಾಯಲ್ಟಿ ಖಾತೆಗೆ ಕ್ರೆಡಿಟ್ 60,000, ಶಾರ್ಟ್ ವರ್ಕಿಂಗ್ಸ್ ಮೀಸಲು ಖಾತೆಗೆ ಕ್ರೆಡಿಟ್ 40,000. ಆ 40,000 ಕೈಗೆ ಬಂದಿದ್ದರೂ ಈ ಲೆಕ್ಕದಲ್ಲಿ ಇನ್ನೂ ಆದಾಯವಲ್ಲ, ಏಕೆಂದರೆ ಮುಂದಿನ ರಾಯಲ್ಟಿಯಲ್ಲಿ ವಜಾ ಆಗಬಹುದು. ಅದು ಹೊಣೆಗಾರಿಕೆಯ ಕಡೆ ನಿಲ್ಲುತ್ತದೆ. ಮೂರನೆಯ ವರ್ಷ ಮೀಸಲಿನಿಂದ 25,000 ಪ್ರಕಾಶಕರ ಖಾತೆಗೆ ಹೋಗುತ್ತದೆ. ಗಡುವು ಮುಗಿದ 15,000 ಲಾಭ-ನಷ್ಟ ಖಾತೆಗೆ ಆದಾಯವಾಗಿ ಬರುತ್ತದೆ. ಪ್ರಕಾಶಕರ ಶಾರ್ಟ್ ವರ್ಕಿಂಗ್ಸ್ ಬಾಕಿ ಮತ್ತು ಲೇಖಕರ ಮೀಸಲಿನ ಬಾಕಿ ಎಂದೂ ಒಂದೇ ಇರಬೇಕು. ವರ್ಷಕ್ಕೊಮ್ಮೆ ಆ ಒಂದು ಅಂಕಿಯನ್ನು ಪತ್ರದಲ್ಲಿ ಪರಸ್ಪರ ಖಚಿತಪಡಿಸಿಕೊಂಡರೆ ಜಗಳಕ್ಕೆ ಜಾಗವೇ ಇರುವುದಿಲ್ಲ.

ಹಕ್ಕಿನ ಮಾತು ಬದಲಾದರೆ

ಇದೇ ಮಾರಾಟ, ಇದೇ ದರ. ಐದು ವರ್ಷದ ಒಟ್ಟು ರಾಯಲ್ಟಿ 5,15,000. ನಮ್ಮ ಕರಾರಿನ ಪ್ರಕಾರ ಲೇಖಕರಿಗೆ ಸಿಕ್ಕಿದ್ದು 5,30,000. ಹಕ್ಕು 'ಮೊದಲ ಮೂರು ವರ್ಷ ಮಾತ್ರ' ಎಂದಿದ್ದರೆ ಮೂರನೆಯ ವರ್ಷದ ಕೊನೆಗೆ 35,000 ಪೂರ್ತಿ ಕೈತಪ್ಪುತ್ತಿತ್ತು, ನಾಲ್ಕನೆಯ ವರ್ಷ 1,30,000 ಕೊಡಬೇಕಾಗುತ್ತಿತ್ತು, ಒಟ್ಟು 5,50,000. ಕರಾರಿನ ಅವಧಿ ಪೂರ್ತಿ ಮುರಿದುಕೊಳ್ಳಬಹುದು ಎಂದಿದ್ದರೆ ನಾಲ್ಕನೆಯ ವರ್ಷ 1,00,000, ಐದನೆಯ ವರ್ಷ 1,15,000, ಒಟ್ಟು 5,15,000, ಒಂದು ಪೈಸೆಯೂ ಕೈತಪ್ಪುವುದಿಲ್ಲ. ಕರಾರಿಗೆ ಸಹಿ ಹಾಕುವ ಮುಂಚೆ ಪ್ರಕಾಶಕರೂ ಲೇಖಕರೂ ತಮ್ಮ ತಮ್ಮ ಮಾರಾಟದ ಅಂದಾಜನ್ನು ಈ ಹಾಳೆಗೆ ಹಾಕಿ ಮೂರೂ ಬಗೆಯಲ್ಲಿ ಲೆಕ್ಕ ಮಾಡಿ ನೋಡಬಹುದು. ಪ್ರತಿಗೆ ಎಷ್ಟು ಎಂಬ ದರದ ಬಗ್ಗೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ, ಗಡುವಿನ ಸಾಲು ಓದದೆಯೇ ದಾಟಿಹೋಗುತ್ತದೆ. ಇಲ್ಲಿ ಆ ಸಾಲಿನ ಬೆಲೆ 35,000 ರೂ.